ಗುಂಡಿಗೆ ಒಂದೇ ಪಪ್ಪಾಯ ಸಸಿ ನೆಡುವ ಮುಂಚೆ ಇದನ್ನು ಓದಿ

ಈ ಸಲ ಪಪ್ಪಾಯ ಹಾಕಬೇಕು ಅಂತ ಇರುವವರಿಗೆ ಈ ಬರಹ. "ಇದು ತೈವಾನ್ ತಳಿ, ಗಂಡು ಗಿಡ ಬರೋದೇ ಇಲ್ಲ, ಗುಂಡಿಗೆ ಒಂದು ಸಸಿ ಸಾಕು" ಅಂತ ನರ್ಸರಿಯವರು ಹೇಳಿದರೆ, ಬೀಜದ ಪ್ಯಾಕೆಟ್ ಮತ್ತು ಅದರ ಬಿಲ್ ನೋಡದೆ ನಂಬಬೇಡಿ. ನಮ್ಮ ಒಂದು ಎಕರೆ ಹಾಳಾಗಿದ್ದು ಈ ಮಾತಿನಿಂದಲೇ.

ಆರಡಿಗೆ ಆರಡಿ ಅಂತರ, ಎಕರೆಗೆ ಸುಮಾರು 1200 ಗುಂಡಿ. ಸಸಿ ಚೆನ್ನಾಗಿಯೇ ಎದ್ದವು. ಐದನೇ ತಿಂಗಳ ಹೊತ್ತಿಗೆ ಹೂ ಶುರುವಾಯಿತು. ಎಲೆಯ ಕಂಕುಳಿಂದ ಉದ್ದನೆಯ ತೊಟ್ಟು ಜೋತುಬಿದ್ದು, ಅದು ಕವಲೊಡೆದು, ತುಂಬಾ ಸಣ್ಣ ಸಣ್ಣ ಕೊಳವೆಯಂಥ ಹೂಗಳು. ಸಾಲು ಹಿಡಿದು ನೋಡುತ್ತಾ ಹೋದರೆ ಹೆಚ್ಚುಕಡಿಮೆ ಅರ್ಧ ತೋಟ ಹಾಗೇ ಇತ್ತು. ಎಲ್ಲ ಗಂಡು. ಅಷ್ಟು ದಿನ ಹಾಕಿದ ಗೊಬ್ಬರ, ನೀರು, ಕೂಲಿ ಅರ್ಧಕ್ಕರ್ಧ ವ್ಯರ್ಥ.

ಅರ್ಧ ಅನ್ನೋದೇ ಇಲ್ಲಿ ಮುಖ್ಯ ಸುಳಿವು. ಪಪ್ಪಾಯದಲ್ಲಿ ಮೂರು ಥರದ ಗಿಡ ಇವೆ: ಗಂಡು, ಹೆಣ್ಣು, ಮತ್ತು ಎರಡೂ ಒಂದೇ ಹೂವಿನಲ್ಲಿರುವ ದ್ವಿಲಿಂಗಿ. ದ್ವಿಲಿಂಗಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಿದರೆ, ಆ ಬೀಜದಲ್ಲಿ ಮೂರರಲ್ಲಿ ಎರಡು ಪಾಲು ದ್ವಿಲಿಂಗಿ, ಒಂದು ಪಾಲು ಹೆಣ್ಣು. ಹೆಣ್ಣು ಹೂವಿಗೆ ದ್ವಿಲಿಂಗಿಯ ಪರಾಗ ಬಿದ್ದರೆ ಅರ್ಧ ಹೆಣ್ಣು, ಅರ್ಧ ದ್ವಿಲಿಂಗಿ. ಎರಡರಲ್ಲೂ ಗಂಡು ಬರುವುದಿಲ್ಲ. ಹೆಣ್ಣು ಹೂವಿಗೆ ಗಂಡು ಗಿಡದ ಪರಾಗ ಬಿದ್ದಾಗ ಮಾತ್ರ ಸರಿಯಾಗಿ ಅರ್ಧ ಗಂಡು, ಅರ್ಧ ಹೆಣ್ಣು. ಅಂದರೆ ನಮಗೆ ಸಿಕ್ಕಿದ್ದು ಹೈಬ್ರಿಡ್ ಬೀಜದ ಸಸಿಯೇ ಅಲ್ಲ. ಎಲ್ಲೋ ಗಂಡು ಗಿಡಗಳ ನಡುವೆ ಬೆಳೆದ ಹಣ್ಣಿನ ಬೀಜ ತೆಗೆದು, ಹಾಕಿ, ತೈವಾನ್ ಹೆಸರಲ್ಲಿ ಮಾರಿದ್ದರು. ತಳಿಯ ತಪ್ಪಲ್ಲ ಇದು.

ಸಸಿ ಇದ್ದಾಗಲೇ ಗುರುತಿಸಬಹುದಿತ್ತಲ್ವಾ ಅಂತ ಕೇಳುವವರಿದ್ದಾರೆ. ಆಗಲ್ಲ. ಬೀಜದ ಬಣ್ಣ, ಬೇರಿನ ಆಕಾರ, ಎಲೆಯ ಸೀಳು ನೋಡಿ ಹೇಳ್ತೀವಿ ಅನ್ನುವುದೆಲ್ಲ ಸುಮ್ನೆ. ಲ್ಯಾಬಿನಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ, ಕಣ್ಣಿಗೆ ಗೊತ್ತಾಗುವುದು ಮೊಗ್ಗು ಬಂದ ಮೇಲೆಯೇ.

ಹಾಗಾಗಿಯೇ ತಿಳಿದವರು ಗುಂಡಿಗೆ ಎರಡು ಮೂರು ಸಸಿ ಇಡುವುದು. ಗಂಡು ಹೆಣ್ಣು ಬೇರೆಯಾಗಿರುವ ತಳಿಯಲ್ಲಿ 1200 ಗುಂಡಿಗೆ ಒಂದೊಂದು ನೆಟ್ಟರೆ 600 ಗುಂಡಿಯಲ್ಲಿ ಗಂಡೇ ಉಳಿಯುತ್ತದೆ. ಎರಡು ನೆಟ್ಟರೆ, ಎರಡೂ ಗಂಡಾಗಿರುವ ಗುಂಡಿ 300. ಮೂರು ನೆಟ್ಟರೆ 150. ನಾಲ್ಕನೆಯದಕ್ಕೆ ಹೋದರೆ 75, ಆದರೆ ಸಸಿಯ ಖರ್ಚು ಮತ್ತು ಒತ್ತೊತ್ತಾಗಿ ಬೆಳೆಯುವ ಪೈಪೋಟಿ ನೋಡಿದರೆ ಮೂರೇ ಸರಿ ಅಂತ ನನ್ನ ಅಭಿಪ್ರಾಯ. ಹವಾಯಿಯಲ್ಲಿ ಸೋಲೋ ಪಪ್ಪಾಯ ಬೆಳೆಯುವವರಿಗೆ ಗಂಡಿನ ಕಾಟವಿಲ್ಲ, ಆದರೂ ಗುಂಡಿಗೆ ಮೂರು ನಾಲ್ಕು ಇಡುತ್ತಾರೆ. ಅಲ್ಲಿನ ಮಾರುಕಟ್ಟೆಗೆ ಬೇಕಾದ್ದು ದ್ವಿಲಿಂಗಿಯ ನೀಳ ಹಣ್ಣು. ಹೆಣ್ಣು ಗಿಡದ ಹಣ್ಣು ಗುಂಡಗಿರುತ್ತದೆ, ಒಳಗೆ ಟೊಳ್ಳು ಜಾಸ್ತಿ.

ಗಂಡು ಕಿತ್ತ ಜಾಗಕ್ಕೆ ಆಮೇಲೆ ಹೊಸ ಸಸಿ ಹಾಕಿದರಾಯಿತು ಅಂದುಕೊಳ್ಳಬೇಡಿ. ನಾವು ಹಾಕಿ ನೋಡಿದೆವು. ಅಕ್ಕಪಕ್ಕದ ಗಿಡಗಳ ನೆರಳಲ್ಲಿ ಅವು ಸೊರಗಿದವು. ಉಳಿದವಕ್ಕೆ ಎಳೆಯದರಲ್ಲೇ ಉಂಗುರ ಚುಕ್ಕೆ ರೋಗ ಬಂತು.

ಮೂರು ಸಸಿಯನ್ನು ಒಟ್ಟಿಗೆ ತುರುಕದೆ, ಒಂದು ಗೇಣು ಅಂತರದಲ್ಲಿ ತ್ರಿಕೋನವಾಗಿ ನೆಡಿ. ದಪ್ಪಗಿರುವುದನ್ನು ಉಳಿಸಿ ಉಳಿದದ್ದನ್ನು ಮೊದಲೇ ತೆಗೆಯಬೇಡಿ, ದಪ್ಪ ಗಿಡ ಗಂಡೂ ಆಗಿರಬಹುದು. ಮೊಗ್ಗು ಬರುವವರೆಗೆ ಕಾಯಿರಿ. ಹೆಣ್ಣು ಮೊಗ್ಗು ಕಾಂಡಕ್ಕೆ ಅಂಟಿಕೊಂಡಂತೆ ಗಿಡ್ಡ ತೊಟ್ಟಿನಲ್ಲಿ ಇರುತ್ತದೆ, ಬುಡ ಉಬ್ಬಿರುತ್ತದೆ. ಬಿಡಿಸಿ ನೋಡಿದರೆ ಒಳಗೆ ಪುಟ್ಟ ಕಾಯಿ ಮಾತ್ರ, ಹಳದಿ ಕೇಸರ ಇರಲ್ಲ. ದ್ವಿಲಿಂಗಿ ಮೊಗ್ಗು ನೀಳವಾಗಿದ್ದು, ಒಳಗೆ ಕಾಯಿಯ ಸುತ್ತ ಕೇಸರವೂ ಇರುತ್ತದೆ. ಬೇಡದ ಗಿಡವನ್ನು ಕೀಳಬೇಡಿ, ಪಕ್ಕದ ಬೇರು ಅಲ್ಲಾಡುತ್ತದೆ. ನೆಲಮಟ್ಟಕ್ಕೆ ಕೊಯ್ಯಿರಿ. ಗಂಡು ಹೆಣ್ಣು ಬೇರೆ ಇರುವ ತಳಿಯಾದರೆ ಹತ್ತು ಹದಿನೈದು ಹೆಣ್ಣಿಗೆ ಒಂದರಂತೆ ಗಂಡನ್ನು ತೋಟದಲ್ಲಿ ಅಲ್ಲಲ್ಲಿ ಉಳಿಸಿ.

ಬೇಸಿಗೆಯಲ್ಲಿ ಒಂದು ವಿಷಯ ಗಮನಿಸಿ. ಬಿಸಿಲು ಹೆಚ್ಚಾದಾಗ ದ್ವಿಲಿಂಗಿ ಗಿಡದ ಹೂವಿನಲ್ಲಿ ಕಾಯಿ ಬಲಿಯದೆ, ನೋಡಲು ಗಂಡು ಹೂವಿನಂತೆಯೇ ಕಾಣುತ್ತದೆ. ಗಾಬರಿಯಾಗಿ ಕತ್ತಿ ಎತ್ತಬೇಡಿ. ತೊಟ್ಟು ನೋಡಿ. ಉದ್ದಕ್ಕೆ ಜೋತುಬಿದ್ದು ಹತ್ತಾರು ಹೂ ಇದ್ದರೆ ಗಂಡು. ಗಿಡ್ಡವಾಗಿದ್ದರೆ ಅದು ದ್ವಿಲಿಂಗಿಯೇ, ಬಿಸಿಲು ಇಳಿದ ಮೇಲೆ ಮತ್ತೆ ಕಾಯಿ ಕಚ್ಚುತ್ತದೆ.