ಪಿಎನ್‌ಆರ್ ಸಿಕ್ಕಿತು, ಟಿಕೆಟ್ ಸಿಗಲಿಲ್ಲ

ವಿರಾಜಪೇಟೆಯ ನಮ್ಮ ಬಾವ ರಜೆ ಮುಗಿಸಿ ಕಣ್ಣೂರಿನಿಂದ ದೋಹಾಕ್ಕೆ ಹೊರಡಬೇಕಿತ್ತು. ಏರ್‌ಲೈನ್ ವೆಬ್‌ಸೈಟಿನಲ್ಲಿ ಟಿಕೆಟ್ ದರ 22,000 ರೂಪಾಯಿ. ಇನ್‌ಸ್ಟಾಗ್ರಾಮ್‌ನಲ್ಲಿ ಸಿಕ್ಕಿದ ಏಜೆಂಟ್ ಅದೇ ವಿಮಾನಕ್ಕೆ 14,000 ಸಾಕು ಅಂದ.

ಬಾವ ಸುಮ್ನೆ ದುಡ್ಡು ಹಾಕುವವರಲ್ಲ. ಮೊದಲು ಪಿಎನ್‌ಆರ್ ಕೊಡು ಅಂದರು. ಕೊಟ್ಟ. ಏರ್‌ಲೈನ್ ಸೈಟಿನಲ್ಲೇ ಹಾಕಿ ನೋಡಿದರು. ಹೆಸರು, ತಾರೀಕು ಎಲ್ಲ ಸರಿ, ಜೊತೆಗೆ Confirmed ಅಂತಲೂ ಇತ್ತು. ಯುಪಿಐನಲ್ಲಿ ಹಣ ಕಳಿಸಿದರು. ಮರುದಿನ ನೋಡಿದರೆ ಆ ಪಿಎನ್‌ಆರ್‌ಗೆ ಬುಕಿಂಗೇ ಇಲ್ಲ! 'ಸರ್ವರ್ ಪ್ರಾಬ್ಲಂ ಸಾರ್' ಅಂದವನು ಸಂಜೆಗೆ ನಂಬರ್ ಬ್ಲಾಕ್ ಮಾಡಿದ. ಮಾಕುಟ್ಟ ಘಾಟಿ ಇಳಿದು ಏರ್‌ಪೋರ್ಟ್ ಮುಟ್ಟಿದ ಮೇಲೆ ಗೊತ್ತಾಗಿದ್ದರೆ ಇನ್ನೂ ಫಜೀತಿ.

ಆಗಿದ್ದು ಇಷ್ಟು. ದುಡ್ಡು ಕಟ್ಟದೆಯೇ ಸೀಟನ್ನು ಸ್ವಲ್ಪ ಹೊತ್ತು ಹಿಡಿದಿಡಲು ಏಜೆಂಟರಿಗೆ ಅವಕಾಶ ಇರುತ್ತದೆ. ಆಗಲೂ ನಿಜವಾದ ಪಿಎನ್‌ಆರ್ ಹುಟ್ಟುತ್ತದೆ. ಗಡುವಿನೊಳಗೆ ಹಣ ಕಟ್ಟಿ ಟಿಕೆಟ್ ತೆಗೆಯದಿದ್ದರೆ ಬುಕಿಂಗ್ ತಾನಾಗಿ ರದ್ದಾಗುತ್ತದೆ. Confirmed ಅಂದರೆ ಸೀಟು ಹಿಡಿದಿದೆ ಅಂತ, ಅಷ್ಟೇ.

ಹಾಗಾಗಿ ನೋಡಬೇಕಾದ್ದು ಇ-ಟಿಕೆಟ್ ನಂಬರ್. ಅದರಲ್ಲಿ 13 ಅಂಕಿ ಇರುತ್ತವೆ. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಏರ್‌ಲೈನ್‌ನ ಗುರುತು: ಏರ್ ಇಂಡಿಯಾದ್ದು 098, ಕತಾರ್ ಏರ್‌ವೇಸ್‌ದು 157. ಏಜೆಂಟ್ ಕಳಿಸುವ ಪಿಡಿಎಫ್‌ನಲ್ಲಿ ಯಾವ ನಂಬರ್ ಬೇಕಾದರೂ ಟೈಪ್ ಮಾಡಬಹುದು, ಅದನ್ನು ನಂಬಬೇಡಿ. ಏರ್‌ಲೈನ್ ಸೈಟಿನ ವಿಳಾಸವನ್ನು ನೀವೇ ಟೈಪ್ ಮಾಡಿ, Manage Bookingನಲ್ಲಿ ನೋಡಿ. ಅಲ್ಲಿ ಕಾಣದಿದ್ದರೆ ಅದೇ ಸೈಟಿನಲ್ಲಿರುವ ನಂಬರಿಗೆ ಫೋನ್ ಮಾಡಿ, 'ಈ ಪಿಎನ್‌ಆರ್‌ಗೆ ಟಿಕೆಟ್ ಇಶ್ಯೂ ಆಗಿದೆಯಾ?' ಅಂತ ಕೇಳಿ. ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರ್ ಬೇಡ, ಅದರಲ್ಲೂ ಮೋಸದವು ಇವೆ. ಕಡಿಮೆ ದರದ ಕೆಲವು ಏರ್‌ಲೈನ್‌ಗಳಲ್ಲಿ 13 ಅಂಕಿಯ ನಂಬರೇ ಇರುವುದಿಲ್ಲ. ಅಲ್ಲಿ ಪೂರ್ತಿ ಹಣ ಬಂದಿದೆಯಾ, ಬಾಕಿ ಏನಾದರೂ ಇದೆಯಾ ಅಂತ ಕೇಳಬೇಕು.

ಟಿಕೆಟ್ ನಿಜವಾಗಿಯೇ ಇಶ್ಯೂ ಆದರೂ ಪೂರ್ತಿ ನಿಶ್ಚಿಂತೆ ಇಲ್ಲ. ಕದ್ದ ಕಾರ್ಡಿನಲ್ಲಿ ತೆಗೆದಿದ್ದರೆ, ಕಾರ್ಡಿನವರು ದೂರು ಕೊಟ್ಟಾಗ ಏರ್‌ಲೈನ್ ಅದನ್ನು ರದ್ದು ಮಾಡಬಹುದು. ಏಜೆಂಟೇ ರದ್ದು ಮಾಡಿದರೆ ರೀಫಂಡ್ ಸಾಮಾನ್ಯವಾಗಿ ಹಣ ಕಟ್ಟಿದ ಖಾತೆಗೇ, ಅಂದರೆ ಅವನಿಗೇ ಹೋಗುತ್ತದೆ. ಬುಕಿಂಗ್‌ನಲ್ಲಿ ಅವನ ಮೊಬೈಲ್, ಇಮೇಲ್ ಇದ್ದರೆ ನಿಮಗೆ ಒಂದು ಮೆಸೇಜೂ ಬರುವುದಿಲ್ಲ. ಫೋನ್ ಮಾಡಿದಾಗಲೇ ನಿಮ್ಮ ನಂಬರ್ ಹಾಕಿಸಿಕೊಳ್ಳಿ. ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿ.

ಹಣ ಈಗಾಗಲೇ ಹೋಗಿದ್ದರೆ ಏಜೆಂಟ್ ಜೊತೆ ಜಗಳಕ್ಕೆ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ, cybercrime.gov.inನಲ್ಲಿ ದೂರು ಹಾಕಿ. ದೂರು ಎಷ್ಟು ಬೇಗ ಮುಟ್ಟುತ್ತದೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಬಾವ ಸಂಜೆಯವರೆಗೆ ಆ ಸರ್ವರ್ ಸರಿಹೋಗಲಿ ಅಂತ ಕಾದರು. ಹಣ ಇನ್ನೂ ವಾಪಸ್ ಬಂದಿಲ್ಲ.