ಸ್ಟಾರ್ ಆಮೇಲೆ, ಮೊದಲು ತಾರೀಖು: ಉದ್ಯೋಗಿ ರಿವ್ಯೂ ಸೈಟುಗಳ ಹಳೇ ಬಳಕೆದಾರನ ಅಭಿಪ್ರಾಯ

ಗ್ಲಾಸ್‌ಡೋರ್, ಆಂಬಿಷನ್‌ಬಾಕ್ಸ್ ಅಂದರೇನು, ಲಾಗಿನ್ ಆಗೋದು ಹೇಗೆ ಅನ್ನೋದು ಇಲ್ಲಿಲ್ಲ. ತೋರಣಗಲ್ಲು, ಗಿಣಿಗೇರಿ ಕಡೆ ಫ್ಯಾಕ್ಟರಿಗಳಿಗೆ ಅರ್ಜಿ ಹಾಕುವ ಡಿಪ್ಲೊಮಾ ಹುಡುಗರಿಗೆ ಅದೆಲ್ಲ ಗೊತ್ತೇ ಇದೆ. ನನ್ನ ತಕರಾರು ಒಂದೇ: ಕಂಪನಿ ಹೆಸರಿನ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಕೂರುವ ಸ್ಟಾರ್ ಸಂಖ್ಯೆ. 3.8 ಕಂಡರೆ "ಪರವಾಗಿಲ್ಲ", 2.9 ಕಂಡರೆ "ಬೇಡಪ್ಪ" ಅಂತ ಅಲ್ಲಿಗೇ ಮುಗಿಸುತ್ತಾರೆ. ನಿಜವಾದ ಮಾಹಿತಿ ಇರೋದು ಅದರ ಕೆಳಗೆ.

ಲೆಕ್ಕಕ್ಕೆ ಒಂದು ಸ್ಪಾಂಜ್ ಐರನ್ ಕಾರ್ಖಾನೆ ಅಂತ ಇಟ್ಟುಕೊಳ್ಳಿ. ಒಟ್ಟು 23 ರಿವ್ಯೂ: ಐದು ಸ್ಟಾರಿನವು 14, ನಾಲ್ಕರವು 2, ಮೂರರದು 1, ಎರಡರದು 1, ಒಂದರವು 5. ಸರಾಸರಿ 3.8. ಇನ್ನು "ಹೊಸದು ಮೊದಲು" ಅಂತ ಜೋಡಿಸಿ, ಒಂದು ಹಾಳೆಯಲ್ಲಿ ಪ್ರತಿಯೊಂದರ ತಾರೀಖು, ಹುದ್ದೆ, ಊರು, ಸ್ಟಾರ್ ಬರೆಯುತ್ತಾ ಹೋಗಿ. ಹತ್ತು ನಿಮಿಷದ ಕೆಲಸ. ಆ 14ರಲ್ಲಿ 9 ಒಂದೇ ತಿಂಗಳ ಎರಡು ವಾರದೊಳಗೆ ಬಂದಿವೆ ಅನ್ನೋದು ಆಗ ಕಾಣುತ್ತದೆ. ಒಳ್ಳೆಯ ಅಂಶಗಳ ಜಾಗದಲ್ಲಿ "ಕಲಿಯಲು ಅವಕಾಶ, ಸ್ನೇಹಪರ ಮ್ಯಾನೇಜ್‌ಮೆಂಟ್". ಕೊರತೆಗಳ ಜಾಗದಲ್ಲಿ "ಏನೂ ಇಲ್ಲ". ಹುದ್ದೆ ಹೆಚ್ಚಿನವರದ್ದು ಟ್ರೈನಿ, ಉಳಿದವರದ್ದು ಎಚ್‌ಆರ್.

ಇವು ಸುಳ್ಳು ಖಾತೆಗಳು ಅಂತ ತಕ್ಷಣ ತೀರ್ಮಾನಿಸಬೇಡಿ. ಹೊಸ ಬ್ಯಾಚಿನ ತರಬೇತಿ ಮುಗಿಯುವಾಗ "ಎಲ್ಲರೂ ಒಂದು ರಿವ್ಯೂ ಹಾಕಿ" ಅಂತ ಎಚ್‌ಆರ್‌ನವರು ಹೇಳಿದ್ದರೂ ಹೀಗೇ ಕಾಣುತ್ತದೆ. ಬರೆದವರು ನಿಜವಾದ ಜನರೇ. ಆದರೆ ಒಂದೇ ಕೋಣೆಯಲ್ಲಿ, ಒಬ್ಬರ ಮಾತಿನ ಮೇಲೆ ಬರೆದ ಒಂಬತ್ತು ಅಭಿಪ್ರಾಯಗಳು ಒಂಬತ್ತು ಸಾಕ್ಷಿ ಆಗೋದಿಲ್ಲ. ಅವನ್ನು ಪಕ್ಕಕ್ಕಿಟ್ಟರೆ ಉಳಿಯೋದು 14, ಸರಾಸರಿ 3.1. ಒಂದು ಸ್ಟಾರಿನ ಗುಂಪಿಗೂ ಇದೇ ನಿಯಮ. ಒಂದೇ ವಾರದಲ್ಲಿ, ಒಂದೇ ಮ್ಯಾನೇಜರನ್ನು ಬೈಯುವ ನಾಲ್ಕು ಪೋಸ್ಟ್ ಬಿದ್ದರೆ ಅದು ಒಂದು ಡಿಪಾರ್ಟ್‌ಮೆಂಟಿನ ಒಂದು ಜಗಳ, ಇಡೀ ಫ್ಯಾಕ್ಟರಿಯ ಕಥೆಯಲ್ಲ. ಅಪ್ರೈಸಲ್ ಪತ್ರ ಕೈಗೆ ಬಂದ ವಾರದ ಪೋಸ್ಟುಗಳನ್ನೂ ಸ್ವಲ್ಪ ಆರಲು ಬಿಟ್ಟು ಓದಬೇಕು.

ಈಗ ತಾರೀಖಿನ ವಿಚಾರ. ಉಳಿದ 14ರಲ್ಲಿ ಕಳೆದ ಒಂದೂವರೆ ವರ್ಷದವು ಆರು ಮಾತ್ರ: ಐದು ಸ್ಟಾರಿನದು 1, ನಾಲ್ಕರದು 1, ಎರಡರದು 1, ಒಂದರವು 3. ಸರಾಸರಿ 2.3. ಹಳೆಯ ಎಂಟರದ್ದು 3.6. ಅಂದರೆ ಮೇಲಿನ 3.8 ಹಳೇ ಮ್ಯಾನೇಜ್‌ಮೆಂಟಿಗೆ ಸಿಕ್ಕ ಅಂಕ ಇರಬಹುದು. ಹೊಸ ಪೋಸ್ಟುಗಳಿಗೆ ಹೆಚ್ಚು ತೂಕ ಕೊಡುತ್ತೇವೆ ಅಂತ ಗ್ಲಾಸ್‌ಡೋರ್ ಹೇಳುತ್ತದೆ, ಎಷ್ಟು ತೂಕ ಅಂತ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಕೈಲೆಕ್ಕವೇ ವಾಸಿ.

ಇಲ್ಲೊಂದು ಹಳ್ಳ ಇದೆ, ಬಹಳ ಜನ ಬೀಳುತ್ತಾರೆ. ಪೋಸ್ಟ್ ಹಾಕಿದ ದಿನವೇ ಬೇರೆ, ಅವರು ಅಲ್ಲಿ ದುಡಿದ ಕಾಲವೇ ಬೇರೆ. "ಮಾಜಿ ಉದ್ಯೋಗಿ" ಅಂತ ಇದ್ದರೆ, ಕೆಲಸ ಬಿಟ್ಟು ನಾಲ್ಕು ವರ್ಷ ಆದಮೇಲೆ ಬರೆದಿರಲೂಬಹುದು. ಯಾವ ಶಿಫ್ಟ್ ಪದ್ಧತಿ, ಯಾವ ಕಿಲ್ನ್, ಯಾರು ಪ್ಲಾಂಟ್ ಹೆಡ್ ಅಂತ ಒಳಗಿನ ಸುಳಿವು ಹುಡುಕಿ ಕಾಲ ಗೊತ್ತು ಮಾಡಿಕೊಳ್ಳಬೇಕು. ನಮ್ಮ ಕಡೆ ಇನ್ನೂ ಒಂದು ಎಚ್ಚರ ಬೇಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಅದಿರು ಗಣಿಗಾರಿಕೆ ನಿಲ್ಲಿಸಿದ ಮೇಲೆ, ಅದಿರು ಸಿಗದೆ ಎಷ್ಟೋ ಸ್ಪಾಂಜ್ ಐರನ್ ಘಟಕಗಳು ಬಾಗಿಲು ಹಾಕಿದವು, ಇಲ್ಲವೇ ಅರೆಬರೆ ನಡೆದವು. 2012-13ರ "ಸಂಬಳ ತಡ" ಅನ್ನೋ ದೂರು ಮಾಲೀಕನ ಗುಣಕ್ಕಿಂತ ಆ ಕಾಲದ ಗುಣ ಹೇಳುತ್ತದೆ. 2020ರ ಲಾಕ್‌ಡೌನ್ ಪೋಸ್ಟುಗಳೂ ಹಾಗೇ.

ಆರು ರಿವ್ಯೂಗಳ 2.3 ಅನ್ನೂ ನಂಬಿ ಕೂರಬಾರದು. ನಾಳೆ ಒಬ್ಬ ಐದು ಸ್ಟಾರ್ ಕೊಟ್ಟರೆ ಅದು 2.7 ಆಗುತ್ತದೆ. ಒಬ್ಬನ ಮನಸ್ಸಿನ ಮೇಲೆ ಅಷ್ಟು ಜಿಗಿಯುವ ಅಂಕಿಗೆ ಬೆಲೆ ಎಷ್ಟು? ಅಷ್ಟು ಕಡಿಮೆ ಇದ್ದಾಗ ಅಂಕಿ ಬಿಟ್ಟು ಮಾತು ಓದಬೇಕು: ಬೇರೆ ಬೇರೆ ವರ್ಷ, ಬೇರೆ ಬೇರೆ ಹುದ್ದೆಯ ಇಬ್ಬರು ಮೂವರು ಒಂದೇ ನಿರ್ದಿಷ್ಟ ದೂರು ಹೇಳಿದ್ದಾರಾ ಅಂತ. "ಕೆಟ್ಟ ಕಂಪನಿ" ಅನ್ನೋದಕ್ಕೆ ಬೆಲೆ ಇಲ್ಲ. "ರಿಲೀವಿಂಗ್ ಲೆಟರ್‌ಗೆ ಮೂರು ತಿಂಗಳು ಅಲೆದಾಡಿಸಿದರು" ಅಂತ ಮೆಕ್ಯಾನಿಕಲ್‌ನವನೂ ಲ್ಯಾಬ್‌ನವನೂ ಬೇರೆ ಬೇರೆ ವರ್ಷ ಬರೆದಿದ್ದರೆ ಅದಕ್ಕೆ ಬೆಲೆ ಇದೆ.

ಇನ್ನು ಯಾರು ಬರೆದಿಲ್ಲ ಅನ್ನೋದು. ಕಿಲ್ನ್ ಮುಂದೆ ನಿಲ್ಲುವ ಗುತ್ತಿಗೆ ಕಾರ್ಮಿಕರು ಇಲ್ಲಿಗೆ ಬರುವುದು ಅಪರೂಪ. ಬರೆಯೋರು ಟ್ರೈನಿ ಎಂಜಿನಿಯರ್‌ಗಳು, ಆಫೀಸಿನವರು. ಊರಿನ ಫಿಲ್ಟರ್ ಹಾಕದಿದ್ದರೆ ದೊಡ್ಡ ಗುಂಪಿನ ಕಂಪನಿಯ ಅಂಕಿಯಲ್ಲಿ ಮುಂಬೈ ಆಫೀಸಿನ ಎಸಿ ರೂಮೂ ಸೇರಿರುತ್ತದೆ. ಫಿಲ್ಟರ್ ಹಾಕುವಾಗ `Bellary`, `Ballari`, `Toranagallu`, `Hospet` ಎಲ್ಲವನ್ನೂ ಹುಡುಕಿ. 2014ರ ನವೆಂಬರ್ 1ಕ್ಕೆ ಹೆಸರು ಬದಲಾದರೂ ಬರೆಯುವವರ ಕೈ ಬದಲಾಗಿಲ್ಲ.

ಇಷ್ಟೆಲ್ಲ ಬೈದರೂ ಆಪ್ ತೆಗೆದುಹಾಕಿಲ್ಲ. ನೀವೊಂದು ರಿವ್ಯೂ ಬರೆದರೆ, ಇಲ್ಲವೇ ಸಂಬಳದಂಥ ವಿವರ ಕೊಟ್ಟರೆ ಮಾತ್ರ ಉಳಿದವನ್ನು ಪೂರ್ತಿ ಓದಲು ಬಿಡುವ ಗ್ಲಾಸ್‌ಡೋರ್ ನಿಯಮ ಕಿರಿಕಿರಿ ಅನ್ನಿಸುತ್ತದೆ, ಬೀಗ ತೆಗೆಸಲಷ್ಟೇ ಬರೆದ ಎರಡು ಸಾಲಿನ ಕಸವೂ ಅದರಿಂದ ಬರುತ್ತದೆ. ಆದರೂ ಸಿಟ್ಟು ಬಂದವರು, ಖುಷಿ ಹೆಚ್ಚಾದವರು ಮಾತ್ರ ಬರೆಯುವ ರೋಗಕ್ಕೆ ಅದು ಸ್ವಲ್ಪ ಮದ್ದು. ಮೂರು, ನಾಲ್ಕು ಸ್ಟಾರಿನ ಸಾಧಾರಣ ಅಭಿಪ್ರಾಯಗಳು ಆ ನಿಯಮದಿಂದ ಹೆಚ್ಚುತ್ತವೆ ಅಂತ 2018ರ ಒಂದು ಅಧ್ಯಯನವೂ ಹೇಳಿದೆ. ನನ್ನ ಮಟ್ಟಿಗೆ ಮೂರು ಸ್ಟಾರಿನವೇ ಸೈಟಿನ ಸಾರ. ಅಲ್ಲಿ ಕ್ಯಾಂಟೀನ್ ಊಟ, ಬಸ್ ಹೊರಡುವ ಹೊತ್ತು, ಬಾಂಡಿನ ಷರತ್ತು ಎಲ್ಲ ಸಮಾಧಾನವಾಗಿ ಬರೆದಿರುತ್ತಾರೆ.

ಹಣದ ದೂರುಗಳನ್ನು ಹೊರಗೆ ಪರೀಕ್ಷಿಸಲು ದಾರಿ ಇದೆ, ಕಾಸು ಖರ್ಚಿಲ್ಲ. "ಪಿಎಫ್ ಕಟ್ಟಲ್ಲ" ಅಂತ ಇದ್ದರೆ ಇಪಿಎಫ್‌ಒ ಸೈಟಿನ `Establishment Search`ನಲ್ಲಿ ಕಂಪನಿ ಹೆಸರು ಹಾಕಿ. ಪಾವತಿ ವಿವರದಲ್ಲಿ ಯಾವ ತಿಂಗಳ ಸಂಬಳಕ್ಕೆ, ಯಾವ ದಿನ, ಎಷ್ಟು ಹಣ, ಎಷ್ಟು ಜನರಿಗೆ ಕಟ್ಟಿದ್ದಾರೆ ಅಂತ ಬರುತ್ತದೆ. ಮುಂದಿನ ತಿಂಗಳ 15 ಕೊನೆ ದಿನ. ತಿಂಗಳಾನುಗಟ್ಟಲೆ 15 ದಾಟಿದ್ದರೆ ಆ ಒಂದು ಸ್ಟಾರಿನವನು ಸುಳ್ಳು ಹೇಳಿಲ್ಲ. ಜನರ ಸಂಖ್ಯೆಯೂ ಅಲ್ಲೇ ಸಿಗುವುದರಿಂದ, 23 ರಿವ್ಯೂ 60 ಜನರಲ್ಲಿ ಬಂದದ್ದೋ 900 ಜನರಲ್ಲೋ ಗೊತ್ತಾಗುತ್ತದೆ. ಗುತ್ತಿಗೆದಾರರ ಪಿಎಫ್ ಅವರದೇ ಕೋಡಿನಲ್ಲಿ ಇರಬಹುದು, ಒಂದೇ ಕೋಡಿನಲ್ಲಿ ಬೇರೆ ಊರಿನ ಘಟಕಗಳೂ ಇರಬಹುದು. ಅದನ್ನು ನೋಡಿಕೊಂಡು ಲೆಕ್ಕ ಹಾಕಿ.

ದೊಡ್ಡ ಉಕ್ಕು, ಸಿಮೆಂಟ್, ಐಟಿ ಕಂಪನಿಗಳಿಗೆ ಈ ಸೈಟುಗಳು ಉಪಯೋಗಕ್ಕೆ ಬರುತ್ತವೆ. ಮೂರು ಸ್ಟಾರ್ ಕೊಡುತ್ತೇನೆ. ಬಳ್ಳಾರಿಯ ಜೀನ್ಸ್ ಘಟಕ, ಗಂಗಾವತಿಯ ರೈಸ್ ಮಿಲ್, ರಾಯಚೂರಿನ ಹತ್ತಿ ಜಿನ್ನಿಂಗ್‌ನಂಥವಕ್ಕೆ ಹುಡುಕಿದರೆ ಹೆಸರೇ ಸಿಗದಿರಬಹುದು. ಸಿಕ್ಕರೂ ಎರಡೋ ಮೂರೋ ರಿವ್ಯೂ. ಅಲ್ಲಿಗೆ ಸೇರುವವರು ಶಿಫ್ಟ್ ಬಿಡೋ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ಇಬ್ಬರು ಹಳಬರನ್ನು, ಒಬ್ಬ ಹೊಸಬನನ್ನು ಕೇಳೋದೇ ಮೇಲು.