ಕಾಮನ್-ಎಮಿಟರ್ ಆಂಪ್ಲಿಫೈಯರ್‌ನ ಕಲೆಕ್ಟರ್‌ಗೆ ಲೋಡ್ ಆಗಿ ರೆಸಿಸ್ಟರ್ ಹಾಕಬೇಕೇ, ಕರೆಂಟ್ ಸೋರ್ಸ್ ಹಾಕಬೇಕೇ?

ಕಲೆಕ್ಟರ್ ವೋಲ್ಟೇಜ್ ಏರಿದಂತೆ ಟ್ರಾನ್ಸಿಸ್ಟರ್‌ನ ಬೇಸ್ ಪದರ ತೆಳುವಾಗುತ್ತದೆ, ಕರೆಂಟ್ ಸ್ವಲ್ಪ ಹೆಚ್ಚುತ್ತದೆ. ಇದೇ ಅರ್ಲಿ ಪರಿಣಾಮ. ಹೀಗಾಗಿ ಕಲೆಕ್ಟರ್ ಆದರ್ಶ ಕರೆಂಟ್ ಸೋರ್ಸ್ ಆಗಿ ಉಳಿಯದೆ, ಅದಕ್ಕೆ ಸಮಾನಾಂತರವಾಗಿ `ro ≈ VA/IC` ರೋಧ ಕುಳಿತಂತಾಗುತ್ತದೆ.

ಅರ್ಲಿ ವೋಲ್ಟೇಜ್ `VA` 100 ವೋಲ್ಟ್, ಕಲೆಕ್ಟರ್ ಕರೆಂಟ್ `IC` 1 ಮಿಲಿಆಂಪಿಯರ್ ಎಂದುಕೊಳ್ಳೋಣ. ಆಗ `ro` 100 ಕಿಲೋಓಮ್, ಟ್ರಾನ್ಸ್‌ಕಂಡಕ್ಟನ್ಸ್ `gm` ಸುಮಾರು 40 ಮಿಲಿಸೀಮೆನ್ಸ್. ಗೇನ್ ಎಂದರೆ `gm` ಮತ್ತು ಕಲೆಕ್ಟರ್‌ನಲ್ಲಿರುವ ಒಟ್ಟು ರೋಧದ ಗುಣಲಬ್ಧ.

5 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಗೇನ್ 200ರ ಬದಲು ಸುಮಾರು 190. ಅರ್ಲಿ ಪರಿಣಾಮವನ್ನು ಇಲ್ಲಿ ಮರೆತರೂ ನಡೆಯುತ್ತದೆ.

ಪಿಎನ್‌ಪಿ ಕರೆಂಟ್ ಸೋರ್ಸ್ ಹಾಕಿದಾಗ ಕಥೆಯೇ ಬೇರೆ. ಅದರ ಅರ್ಲಿ ವೋಲ್ಟೇಜ್ 50 ಆದರೆ ಅದರದೇ ರೋಧ 50 ಕಿಲೋಓಮ್. ಎರಡೂ ಸಮಾನಾಂತರವಾಗಿ ಸೇರಿ 33 ಕಿಲೋಓಮ್, ಗೇನ್ ಸುಮಾರು 1,330. ಲೋಡ್ ಆದರ್ಶವಾಗಿದ್ದರೂ ಮಿತಿ `VA/VT`; ಥರ್ಮಲ್ ವೋಲ್ಟೇಜ್ `VT` ಸುಮಾರು 25 ಮಿಲಿವೋಲ್ಟ್ ಆದ್ದರಿಂದ ಇದು ಸುಮಾರು 4,000. ಕರೆಂಟ್ ಏರಿಸಿ ಇದನ್ನು ದಾಟಲಾಗದು: `gm` ದುಪ್ಪಟ್ಟಾದರೆ `ro` ಅರ್ಧವಾಗುತ್ತದೆ.

ಆದರೆ ಮುಂದಿನ ಹಂತದ ಇನ್‌ಪುಟ್ ರೋಧ 10 ಕಿಲೋಓಮ್ ಇದ್ದರೆ ಆ 1,330 ಸುಮಾರು 310ಕ್ಕೆ ಕುಸಿಯುತ್ತದೆ. ನಡುವೆ ಎಮಿಟರ್ ಫಾಲೋವರ್ ಇಡುವುದಾದರೆ ಮಾತ್ರ ನಾನು ಕರೆಂಟ್ ಸೋರ್ಸ್ ಆರಿಸುತ್ತೇನೆ. ಇಲ್ಲವಾದರೆ ರೆಸಿಸ್ಟರೇ ಸಾಕು.